ಕಿತ್ತಳೆಯಲ್ಲಿ ನಿಂತ ಕೂದಲು

ಪಾರ್ಲರಿಗೆ ಬರುವ ಹುಡುಗಿಯರು ಮೊಬೈಲಿನಲ್ಲಿ ತೋರಿಸುವ ಫೋಟೋ ಈಗೀಗ ಹೆಚ್ಚುಕಡಿಮೆ ಒಂದೇ: ಬೆಳ್ಳಿಯ ಹಾಗೆ ಹೊಳೆಯುವ ಬೂದು ಕೂದಲು. ನಮ್ಮ ಕಡುಗಪ್ಪು ಕೂದಲಿನಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಕೆಂಪು, ಕಿತ್ತಳೆ, ಹಳದಿ ಎಂಬ ಮೂರು ಊರು ಸಿಗುತ್ತವೆ. ಯಾವುದನ್ನೂ ಬಿಟ್ಟು ಹಾರುವಂತಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ಬ್ಲೀಚ್ ಹಚ್ಚಿ ಕಾಯುವ ಆ ಮುಕ್ಕಾಲು ಗಂಟೆ ನನಗೆ ಬೇಸರ ತರಿಸಿಲ್ಲ.

ಕೂದಲಿನೊಳಗೆ ಎರಡು ಬಗೆಯ ಮೆಲನಿನ್ ಇರುತ್ತದೆ. ಕಪ್ಪು-ಕಂದು ಬಣ್ಣದ್ದು ಯೂಮೆಲನಿನ್, ಕೆಂಪು-ಹಳದಿಯದ್ದು ಫಿಯೋಮೆಲನಿನ್. ನಮ್ಮ ಕೂದಲಲ್ಲಿ ಮೊದಲನೆಯದೇ ಬಹುಪಾಲು, ಎರಡನೆಯದು ಸ್ವಲ್ಪ. ಬ್ಲೀಚಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡಿಗೆ ಯೂಮೆಲನಿನ್ ಬೇಗ ಸೋಲುತ್ತದೆ, ಫಿಯೋಮೆಲನಿನ್ ಹಟ ಹಿಡಿದು ನಿಲ್ಲುತ್ತದೆ. ಕಪ್ಪು ಹೋದ ಮೇಲೆ ಅಡಗಿದ್ದ ಕೆಂಪು ಹೊರಬರುತ್ತದೆ ಎಂದೇ ನಮ್ಮ ಕಸುಬಿನಲ್ಲಿ ಹೇಳಿಕೊಡುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ.

ಉಳಿದರ್ಧ ತಿಳಿಯಬೇಕಾದರೆ ಫಿಲ್ಟರಿನಲ್ಲಿ ಇಳಿದ ಗಟ್ಟಿ ಡಿಕಾಕ್ಷನ್ ನೋಡಿ. ಲೋಟದಲ್ಲಿ ಅದು ಕಪ್ಪು. ನೀರು ಬೆರೆಸಿದರೆ ಕೆಂಪು ಛಾಯೆಯ ಕಂದು, ಇನ್ನಷ್ಟು ಬೆರೆಸಿದರೆ ಜೇನಿನ ಬಣ್ಣ, ಕೊನೆಗೆ ತಿಳಿ ಹಳದಿ. ಅದರೊಳಗೆ ಯಾರೂ ಬೇರೆ ಬೇರೆ ಬಣ್ಣ ಬಚ್ಚಿಟ್ಟಿರಲಿಲ್ಲ. ಮೆಲನಿನ್ನಿನದೂ ಇದೇ ಸ್ವಭಾವ. ಅದು ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ, ಕೆಂಪನ್ನು ಕಡಿಮೆ. ದಟ್ಟವಾಗಿದ್ದಾಗ ಎಲ್ಲವನ್ನೂ ನುಂಗಿ ಕಪ್ಪಾಗಿ ಕಾಣುತ್ತದೆ. ತೆಳುವಾದಂತೆ ಮೊದಲು ಕೆಂಪು ಪಾರಾಗಿ ಬರುತ್ತದೆ, ಆಮೇಲೆ ಕಿತ್ತಳೆ, ಹಳದಿ. ಅಂದರೆ ಕಿತ್ತಳೆ ಕಂಡಾಗ ಅಲ್ಲಿರುವುದು ಸೋಲದ ಫಿಯೋಮೆಲನಿನ್ ಮಾತ್ರವಲ್ಲ, ತೆಳುವಾದ ಯೂಮೆಲನಿನ್ ಕೂಡ.

ಹೋದ ವರ್ಷ ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಸೊಂಟದವರೆಗಿನ ಕೂದಲು, ಒಮ್ಮೆಯೂ ಡೈ ಕಂಡಿರಲಿಲ್ಲ, ಮೆಹಂದಿಯನ್ನೂ ಹಚ್ಚಿರಲಿಲ್ಲ. (ಮೆಹಂದಿಯ ಬಣ್ಣ ಕೂದಲಿನ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ; ಕಪ್ಪು ಹೋದರೂ ಅದರ ಕಿತ್ತಳೆ ಹೋಗುವುದಿಲ್ಲ. ಅದನ್ನು ಮೊದಲೇ ಕೇಳಿಕೊಳ್ಳಬೇಕು.) ಅಕ್ಕನ ಮದುವೆಗೆ ಬೆಳ್ಳಿ ಕೂದಲು ಬೇಕೆಂದಳು. ಮದುವೆಗೆ ಉಳಿದದ್ದು ನಾಲ್ಕೇ ದಿನ.

ಕಿವಿಯ ಹಿಂದಿನ ಒಂದು ಸಣ್ಣ ಎಳೆಗೆ ಮೊದಲು ಹಚ್ಚಿದೆ. ಒಂದು ಪಾಲು ಪುಡಿ, ಎರಡು ಪಾಲು 6% ಪೆರಾಕ್ಸೈಡ್, ಅಂದರೆ ಬಾಟಲಿಯ ಮೇಲೆ 20 ವಾಲ್ಯೂಮ್ ಎಂದು ಬರೆದಿರುತ್ತಾರಲ್ಲ, ಅದು. ಹತ್ತು ನಿಮಿಷಕ್ಕೆ ಕೆಂಗಂದು. ಇಪ್ಪತ್ತೈದಕ್ಕೆ ಅಪ್ಪಟ ಕಿತ್ತಳೆ. ಹುಡುಗಿ ಕನ್ನಡಿ ನೋಡಿ ಖುಷಿಯಾಗಿ, "ಇನ್ನು ಹತ್ತು ನಿಮಿಷಕ್ಕೆ ಬೆಳ್ಳಗಾಗುತ್ತೆ ಅಲ್ವಾ ಅಕ್ಕಾ?" ಎಂದಳು. ನಲವತ್ತೈದಾದರೂ ಕಿತ್ತಳೆ ಬಂಗಾರದತ್ತ ಸ್ವಲ್ಪ ಜರುಗಿತ್ತು, ಅಷ್ಟೇ.

ಎಲ್ಲರೂ ಮೋಸ ಹೋಗುವುದು ಇಲ್ಲೇ. ಆರಂಭದ ವೇಗ ಕೊನೆಯವರೆಗೆ ಇರುವುದಿಲ್ಲ. ಮೆಲನಿನ್ ಕಾಳುಗಳು ಒಡೆದು ಕರಗುವುದು ಬೇಗ. ಕರಗಿದ್ದು ಬಣ್ಣ ಕಳೆದುಕೊಳ್ಳುವುದು ನಿಧಾನ. ಫಿಯೋಮೆಲನಿನ್ನಿನ ಹಟ ಬೇರೆ. ಅದೇ ಹೊತ್ತಿಗೆ ಬ್ಲೀಚು ಕೂದಲಿನ ಪ್ರೋಟೀನಾದ ಕೆರಾಟಿನ್ನನ್ನೂ ಬಿಡುವುದಿಲ್ಲ. ಅದನ್ನು ಗಟ್ಟಿಯಾಗಿ ಹಿಡಿದಿಟ್ಟಿರುವ ಗಂಧಕದ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಬಣ್ಣ ನಿಧಾನವಾಗುತ್ತದೆ, ಹಾನಿ ನಿಲ್ಲುವುದಿಲ್ಲ.

ಆ ಎಳೆಯನ್ನು ತೊಳೆದು, ಒದ್ದೆಯಿದ್ದಾಗಲೇ ಮೆಲ್ಲಗೆ ಎಳೆದು ತೋರಿಸಿದೆ. ಒಳ್ಳೆಯ ಕೂದಲು ಹಿಗ್ಗಿ ವಾಪಸಾಗುತ್ತದೆ. ಇದು ಹಿಗ್ಗಿತು, ವಾಪಸಾಗಲು ತಡವರಿಸಿತು. ಇನ್ನೂ ಮುಂದೆ ಹೋದರೆ ಚ್ಯೂಯಿಂಗ್ ಗಮ್ಮಿನಂತೆ ಎಳೆದಷ್ಟೂ ಬಂದು ತುಂಡಾಗುತ್ತದೆ.

"ಹಾಗಾದ್ರೆ ಈ ಕಿತ್ತಳೆ ಮೇಲೇ ಬೂದು ಬಣ್ಣ ಹಾಕಿಬಿಡಿ" ಎಂದಳು. ಆಗುವುದಿಲ್ಲ. ಬೆಳ್ಳಿ ಬಣ್ಣ ಬರುವುದು ತಿಳಿ ಹಳದಿಯ ಮೇಲೆ ನೇರಳೆ ಟೋನರ್ ಕೂತಾಗ. ಹಳದಿಗೆ ನೇರಳೆ ಎದುರು ಬಣ್ಣ, ಒಂದನ್ನೊಂದು ಅಳಿಸುತ್ತವೆ. ಕಿತ್ತಳೆಗೆ ಎದುರು ನೀಲಿ. ಅವೆರಡೂ ಸೇರಿದರೆ ಕಂದು. ಆ ತಿಳಿ ಹಳದಿ ಎಂದರೆ ಬಾಳೆಹಣ್ಣಿನ ಸಿಪ್ಪೆಯ ಒಳಮೈ ಬಣ್ಣ. ಅಲ್ಲಿಗೆ ಬ್ಲೀಚನ್ನು ನಿಲ್ಲಿಸಲೇಬೇಕು, ಯಾಕೆಂದರೆ ಕೆರಾಟಿನ್ನಿಗೇ ತೆಳು ಹಳದಿ ಛಾಯೆಯಿದೆ. ಅದನ್ನೂ ಬಿಳುಪಾಗಿಸಲು ಹೊರಟರೆ ತೆಗೆಯಲು ಬಣ್ಣವಿರುವುದಿಲ್ಲ, ಕೂದಲು ಮಾತ್ರ ಇರುತ್ತದೆ.

ಹುಡುಗಿಗೆ ಅಳು ಬಂತು. ಅವಳಮ್ಮ "ನಾನು ಮೊದಲೇ ಹೇಳಿದ್ದೆ" ಎನ್ನಲು ಬಾಯಿ ತೆರೆದವರು ಯಾಕೋ ಸುಮ್ಮನಾದರು. ಕೊನೆಗೆ ತಲೆಯ ಕೆಳಭಾಗದ ಕೆಲವು ಎಳೆಗಳನ್ನಷ್ಟೇ ಅರ್ಧ ಗಂಟೆ ಬ್ಲೀಚಿಗಿಟ್ಟು, ಕಿತ್ತಳೆಯಲ್ಲೇ ನಿಲ್ಲಿಸಿ, ಮೇಲೆ ತಾಮ್ರದ ಬಣ್ಣದ ಟೋನರ್ ಹಾಕಿದೆ. ಕಿತ್ತಳೆಯನ್ನು ಅಳಿಸುವ ಬದಲು ಅದರ ಜೊತೆಗೇ ಹೋಗುವ ಬಣ್ಣವದು. ಮದುವೆಯ ಫೋಟೋ ಕಳಿಸಿದ್ದಳು. ಮಲ್ಲಿಗೆಯ ಕೆಳಗೆ ಆ ಎಳೆಗಳು ಎದ್ದು ಕಾಣುತ್ತಿದ್ದವು. ಬೆಳ್ಳಿಯ ಆಸೆ ಬಿಟ್ಟಿಲ್ಲವಂತೆ. ಕೂದಲನ್ನು ಭುಜದವರೆಗೆ ಕತ್ತರಿಸಿಕೊಂಡು, ಒಂದೆರಡು ತಿಂಗಳ ಅಂತರದಲ್ಲಿ ಎರಡು ಸಲ ಮಾಡೋಣ ಎಂದಿದ್ದೇನೆ. ಕತ್ತರಿಸುವುದಕ್ಕೆ ಅವಳಿನ್ನೂ ಒಪ್ಪಿಲ್ಲ.