ಯುಗಾದಿ ವಾರದ ಮೂರು ಗಡಿಯಾರಗಳು

ವಿದೇಶದ ಕಂಪನಿಯವರು ‘ಸಂದರ್ಶನಕ್ಕೆ ನಿಮಗೆ ಯಾವ ಸಮಯ ಅನುಕೂಲ?’ ಎಂದು ಕೇಳಿದಾಗ ನಮ್ಮ ಮಕ್ಕಳು ಥಟ್ಟನೆ ಬರೆಯುವ ಉತ್ತರ, ‘ಯಾವಾಗಲಾದರೂ ಸರಿ.’ ವಿನಯದ ಮಾತೇ, ಒಪ್ಪುತ್ತೇನೆ. ಆದರೆ ಲೆಕ್ಕ ಹಾಕುವ ಭಾರವನ್ನೆಲ್ಲ ಅದು ಎದುರಿನವರ ತಲೆಗೆ ಕಟ್ಟುತ್ತದೆ. ಅವರು ಹಾಕುವ ಲೆಕ್ಕದಲ್ಲಿ ನಮ್ಮ ಬೆಳಗಿನ ಮೂರು ಗಂಟೆಯೂ ಒಂದು ಗಂಟೆಯೇ.

ಸಹಕಾರನಗರದಲ್ಲಿ ನಮ್ಮ ಕೆಳಮನೆಯ ಹುಡುಗಿಗೆ 2026ರ ಮಾರ್ಚ್‌ನಲ್ಲಿ ಇಂಥದೇ ಮೇಲ್ ಬಂತು. ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ್ದು. ಸಂದರ್ಶನ ಮಾಡುವ ಇಬ್ಬರಲ್ಲಿ ಒಬ್ಬರು ಅಲ್ಲಿ, ಇನ್ನೊಬ್ಬರು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಮಾರ್ಚ್ 16ರಿಂದ ಶುರುವಾಗುವ ವಾರದಲ್ಲಿ ಮೂರು ಸಮಯ ಸೂಚಿಸಿ ಎಂದು ಕೇಳಿದ್ದರು. ‘ಆಂಟಿ, ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ ಅಲ್ವಾ?’ ಎಂದಳು. ಚಳಿಗಾಲದಲ್ಲಿ ಹೌದು. ಆದರೆ ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಈ ಸಲ ಅದು ಮಾರ್ಚ್ 8. ಅಂದಿನಿಂದ ಅಂತರ ಹನ್ನೆರಡೂವರೆ ಗಂಟೆ. ಯುರೋಪಿನವರು ಗಡಿಯಾರ ತಿರುಗಿಸುವುದು ತಿಂಗಳ ಕೊನೆಯ ಭಾನುವಾರ, ಅಂದರೆ ಮಾರ್ಚ್ 29ಕ್ಕೆ. ಹಾಗಾಗಿ ಅವಳ ವಾರದಲ್ಲಿ ಅಮೆರಿಕ ಬೇಸಿಗೆ ಸಮಯದಲ್ಲಿತ್ತು, ಡಬ್ಲಿನ್ ಇನ್ನೂ ಚಳಿಗಾಲದ ಸಮಯದಲ್ಲೇ, ನಮಗಿಂತ ಐದೂವರೆ ಗಂಟೆ ಹಿಂದೆ ಇತ್ತು. ಭಾರತ ಮಾತ್ರ ವರ್ಷವಿಡೀ ಕದಲುವುದಿಲ್ಲ. ನಮ್ಮ ಗಡಿಯಾರ ಬದಲಾಗದ ಕಾರಣಕ್ಕೇ ಉಳಿದವರದ್ದು ಬದಲಾದದ್ದು ನಮ್ಮ ಗಮನಕ್ಕೆ ಬರುವುದಿಲ್ಲ.

ಮೂವರಿಗೂ ಸರಿಹೊಂದುವ ಹೊತ್ತು ಯಾವುದೆಂದು ಹುಡುಕಿದೆವು. ಬೆಳಿಗ್ಗೆ ಎಂಟೂವರೆ ಅವಳಿಗೆ ಇಷ್ಟ, ಕ್ಯಾಲಿಫೋರ್ನಿಯಾದಲ್ಲಿ ಅದು ಹಿಂದಿನ ದಿನದ ರಾತ್ರಿ ಎಂಟು. ಡಬ್ಲಿನ್‌ನಲ್ಲಿ ನಡುರಾತ್ರಿ ಕಳೆದು ಮೂರು ಗಂಟೆ. ಆಗದ ಮಾತು. ಕ್ಯಾಲಿಫೋರ್ನಿಯಾದವರು ಬೆಳಿಗ್ಗೆ ಎಂಟಕ್ಕೆ ಕೂತರೆ ನಮ್ಮಲ್ಲಿ ರಾತ್ರಿ ಎಂಟೂವರೆ, ಡಬ್ಲಿನ್‌ನಲ್ಲಿ ಮಧ್ಯಾಹ್ನ ಮೂರು. ಡಬ್ಲಿನ್‌ನವರು ಐದಕ್ಕೆ ಕೆಲಸ ಮುಗಿಸುತ್ತಾರೆಂದು ಇಟ್ಟುಕೊಂಡರೆ, ನಮ್ಮ ಎಂಟೂವರೆಯಿಂದ ಹತ್ತೂವರೆವರೆಗೆ, ಎರಡೇ ಗಂಟೆಯ ಕಿಂಡಿ ಸಿಕ್ಕಿತು. ಮಾರ್ಚ್ 29ರ ನಂತರವಾಗಿದ್ದರೆ ಅದೂ ಒಂದೇ ಗಂಟೆಗೆ ಕುಗ್ಗುತ್ತಿತ್ತು.

ಇನ್ನು ದಿನಗಳು. ಮಂಗಳವಾರ 17 ಸೇಂಟ್ ಪ್ಯಾಟ್ರಿಕ್ ದಿನ, ಐರ್ಲೆಂಡಿಗೆ ರಜೆ. ಗುರುವಾರ 19 ನಮ್ಮ ಯುಗಾದಿ. ‘ಹಬ್ಬದ ದಿನವೂ ಕೂತರೆ ಆಗಲ್ವಾ ಆಂಟಿ?’ ಎಂದಳು. ಬೇಡ ಎಂದೆ. ರಜೆ ಇದೆ ಎಂದು ಹೇಳುವುದರಲ್ಲಿ ಸಂಕೋಚ ಯಾಕೆ? ಎರಡೂ ದಿನ ಬಿಟ್ಟು ಸೋಮವಾರ ರಾತ್ರಿ ಒಂಬತ್ತು, ಬುಧವಾರ ಒಂಬತ್ತೂವರೆ, ಶುಕ್ರವಾರ ಎಂಟೂವರೆ ಎಂದು ನಿಶ್ಚಯಿಸಿದೆವು. ಮೇಲ್‌ನಲ್ಲಿ ಮೊದಲ ಸಮಯ ಹೀಗಿತ್ತು:

```
Mon 16 Mar 2026
21:00 Bengaluru      (UTC+5:30)
08:30 San Francisco  (UTC-7)
15:30 Dublin         (UTC+0)
```

ತಿಂಗಳನ್ನು ಅಕ್ಷರದಲ್ಲಿ ಬರೆಸಿದ್ದಕ್ಕೆ ಕಾರಣವಿದೆ. 3/4 ಎಂದರೆ ಅಮೆರಿಕದವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3. ಇಪ್ಪತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ಬರೆದರೆ ಎಎಂ, ಪಿಎಂ ತಪ್ಪುವುದಿಲ್ಲ. ಊರಿನ ಹೆಸರು ಹಾಕಿಸಿದ್ದಕ್ಕಂತೂ ಇನ್ನೂ ಬಲವಾದ ಕಾರಣ: ಅವಳು ಮೊದಲು ಬರೆದದ್ದು ಬರೀ ‘ಐಎಸ್‌ಟಿ’ ಎಂದು. ಐರ್ಲೆಂಡಿನವರ ಬೇಸಿಗೆ ಸಮಯಕ್ಕೂ ಇಸ್ರೇಲಿನ ಸಮಯಕ್ಕೂ ಇವೇ ಮೂರು ಅಕ್ಷರ. ಡಬ್ಲಿನ್‌ನಲ್ಲಿ ಕೂತವರಿಗೆ ಕಳಿಸುವ ಪತ್ರದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಯುಟಿಸಿ ಅಂಕಿ ಇದ್ದರೆ ಯಾರು ಬೇಕಾದರೂ ತಾಳೆ ನೋಡಬಹುದು: 21:00ರಿಂದ ಐದೂವರೆ ಕಳೆದರೂ, 08:30ಕ್ಕೆ ಏಳು ಕೂಡಿಸಿದರೂ 15:30 ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ.

ಕೊನೆಯಲ್ಲಿ ಅವಳು ಇನ್ನೊಂದು ಸಾಲು ಸೇರಿಸಿದಳು: ಈ ಮೂರೂ ಸಮಯವನ್ನು ಶುಕ್ರವಾರ, ಮಾರ್ಚ್ 13ರವರೆಗೆ ಬಿಡುವಾಗಿ ಇಟ್ಟಿರುತ್ತೇನೆ ಎಂದು. ಇದು ಅಗತ್ಯ. ಇಲ್ಲದಿದ್ದರೆ ಅದೇ ಸಮಯವನ್ನು ಬೇರೆ ಕಂಪನಿಗೆ ಕೊಡಬಹುದೋ ಇಲ್ಲವೋ ಎಂಬ ಗೊಂದಲದಲ್ಲೇ ದಿನ ಕಳೆಯಬೇಕು.

ಅವರು ಬುಧವಾರವನ್ನು ಆರಿಸಿಕೊಂಡರು. ಕ್ಯಾಲೆಂಡರ್ ಆಹ್ವಾನ ಬಂದ ಕೂಡಲೇ ತೆರೆದು ನೋಡು ಎಂದಿದ್ದೆ. ಅವಳ ಫೋನಿನಲ್ಲಿ ಅದು 18ನೇ ತಾರೀಖು ರಾತ್ರಿ 9.30 ಎಂದೇ ತೋರಿಸಬೇಕು. ಹತ್ತೂವರೆ ಎಂದಿದ್ದರೆ ಯಾರೋ ಹಳೆಯ ಚಳಿಗಾಲದ ಅಂತರ ಹಿಡಿದಿದ್ದಾರೆಂದು ಅರ್ಥ. ಆ ಕ್ಷಣವೇ ಬರೆದು ಕೇಳಬೇಕು. ಸರಿಯಾಗಿಯೇ ಇತ್ತು.

ಇದೇ ವರ್ಷ ಅಕ್ಟೋಬರ್ 25ಕ್ಕೆ ಯುರೋಪ್ ಗಡಿಯಾರ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್ 1ಕ್ಕೆ. ಆ ನಡುವಿನ ವಾರದಲ್ಲಿ ನಿಮ್ಮ ಮನೆಯವರಿಗೆ ಯಾರಿಗಾದರೂ ಸಂದರ್ಶನವಿದ್ದರೆ, ದಯವಿಟ್ಟು ಇವತ್ತಿನ ಅಂತರ ನೋಡಬೇಡಿ, ಸಂದರ್ಶನದ ದಿನದ ಅಂತರ ನೋಡಿ ಲೆಕ್ಕ ಹಾಕಿ.