ಕೊನೆಯ ಅಧ್ಯಾಯದ ಎರಡು ಪುಟಗಳು

ಎಂ.ಎಡ್. ವ್ಯಾಸಂಗದ ಅಂಗವಾಗಿ ಬರೆಯುವ ಕಿರುಪ್ರಬಂಧದಲ್ಲಿ ಸಾಮಾನ್ಯವಾಗಿ ಐದು ಅಧ್ಯಾಯಗಳಿರುತ್ತವೆ. ಐದನೆಯದರ ತುದಿಯಲ್ಲಿ ‘ಅಧ್ಯಯನದ ಇತಿಮಿತಿಗಳು’ ಮತ್ತು ‘ಶಿಫಾರಸುಗಳು’ ಎಂಬ ಎರಡು ಶೀರ್ಷಿಕೆಗಳು ಬರುತ್ತವೆ. ಎರಡೂ ಸೇರಿ ಎರಡು ಪುಟಗಳಾದರೆ ಹೆಚ್ಚು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕಡೆಯ ನಮ್ಮ ಮನೆಗಳ ಹುಡುಗ ಹುಡುಗಿಯರು ತಮ್ಮ ಕರಡನ್ನು ಹಿಡಿದು ಬಂದಾಗ ನಾನು ಮೊದಲು ತೆರೆಯುವುದು ಆ ಎರಡು ಪುಟಗಳನ್ನು. ಮೊದಲ ನಾಲ್ಕು ಅಧ್ಯಾಯಗಳನ್ನು ಅವರು ಹೇಗೆ ಬರೆದಿದ್ದಾರೆಂಬುದು ಅಲ್ಲಿ ತಿಳಿದುಬಿಡುತ್ತದೆ.

ಬಹುತೇಕ ಕರಡುಗಳಲ್ಲಿ ಇತಿಮಿತಿಯ ಭಾಗ ಒಂದೇ ಅಚ್ಚಿನದು. ಸಮಯಾಭಾವ ಮತ್ತು ಹಣದ ಕೊರತೆಯಿಂದ ಅಧ್ಯಯನವನ್ನು ಕೆಲವೇ ಶಾಲೆಗಳಿಗೆ ಸೀಮಿತಗೊಳಿಸಲಾಗಿದೆ, ಮಾದರಿ ಚಿಕ್ಕದು, ಆದ್ದರಿಂದ ಫಲಿತಾಂಶಗಳನ್ನು ಸಾರ್ವತ್ರಿಕಗೊಳಿಸಲಾಗದು. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಇದನ್ನು ಯಾವ ಪ್ರಬಂಧದ ಕೊನೆಗಾದರೂ ಅಂಟಿಸಬಹುದು. ಮೌಖಿಕ ಪರೀಕ್ಷೆಯಲ್ಲಿ ಅಂಕ ಹೋದೀತೆಂಬ ಅಂಜಿಕೆಯಿಂದ ಹುಟ್ಟಿದ ವಾಕ್ಯಗಳಿವು.

ಈ ಮಾತನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ನಾನು ಕಂಡ ಹಲವು ಕರಡುಗಳ ಲಕ್ಷಣಗಳನ್ನು ಕೂಡಿಸಿ ಕಟ್ಟಿದ ಉದಾಹರಣೆ ಇದು. ಇದರಲ್ಲಿನ ಅಂಕಿಗಳು ವಿವರಣೆಗಾಗಿ ನಾನೇ ಇಟ್ಟುಕೊಂಡವು, ಯಾವ ಶಾಲೆಯ ಲೆಕ್ಕವೂ ಅಲ್ಲ. ಒಬ್ಬ ವಿದ್ಯಾರ್ಥಿನಿ ಮೂರು ಊರುಗಳಲ್ಲಿ ತಲಾ ಎರಡು ಶಾಲೆಗಳನ್ನು ಆರಿಸಿಕೊಂಡಳೆನ್ನಿ. ನಾಲ್ಕನೆಯ ತರಗತಿಯ 36 ಮಕ್ಕಳು, ಊರಿಗೆ 12. ಅವರಲ್ಲಿ 20 ಮಕ್ಕಳ ಮನೆಮಾತು ಕನ್ನಡ, 16 ಮಕ್ಕಳದು ತೆಲುಗು. 2018ರ ಕಾಯ್ದೆಯ ಪ್ರಕಾರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ ವಿಷಯವಾದ್ದರಿಂದ ಇಬ್ಬರೂ ಅದನ್ನು ಓದಲೇಬೇಕು. ಅರವತ್ತು ಪದಗಳ ಒಂದು ತೆಲುಗು ಕಥೆಯನ್ನು ಮಗುವಿನ ಕೈಗೆ ಕೊಟ್ಟು, ಒಂದು ನಿಮಿಷದಲ್ಲಿ ಎಷ್ಟು ಪದಗಳನ್ನು ಸರಿಯಾಗಿ ಓದುತ್ತದೆಂದು ಎಣಿಸುವುದು, ಆಮೇಲೆ ಕಥೆಯನ್ನು ಕುರಿತು ಐದು ಪ್ರಶ್ನೆ ಕೇಳುವುದು ಅವಳ ವಿಧಾನ. ಕನ್ನಡ ಮನೆಯ ಮಕ್ಕಳ ಸರಾಸರಿ 38 ಪದ, ತೆಲುಗು ಮನೆಯ ಮಕ್ಕಳದು 46. ಕರಡಿನ ಶೀರ್ಷಿಕೆ: ‘ತೆಲಂಗಾಣದ ಗಡಿಭಾಗದ ಕನ್ನಡ ಮಕ್ಕಳ ಓದಿನ ಹಿನ್ನಡೆ’.

ಇಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, ಮಕ್ಕಳು ತಪ್ಪಿದ ಪದಗಳು ಯಾವುವು ಎಂಬುದು. ಕಥೆಯಲ್ಲಿ ಹುಲಿ ಬರುತ್ತದೆ. ತೆಲುಗಿನಲ್ಲಿ ಅದು ‘ಪುಲಿ’. ಹಾಲು ‘ಪಾಲು’, ಹಾವು ‘ಪಾಮು’, ಹಣ್ಣು ‘ಪಂಡು’. ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ಆರಂಭವಾಗುತ್ತಿದ್ದವು. ನಮ್ಮ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು, ತೆಲುಗಿನದು ಹಾಗೆಯೇ ಉಳಿಯಿತು. ಮನೆಯಲ್ಲಿ ಕನ್ನಡವಾಡುವ ಮಗು ‘ಪುಲಿ’ ಎಂಬ ಅಕ್ಷರಗಳ ಮೇಲೆ ಕಣ್ಣಾಡಿಸಿ ಬಾಯಲ್ಲಿ ‘ಹುಲಿ’ ಎನ್ನುತ್ತದೆ. ಅಂಕಪಟ್ಟಿಯಲ್ಲಿ ಅದು ತಪ್ಪು. ಆದರೆ ಆ ಮಗು ಅಕ್ಷರವನ್ನು ಗುರುತಿಸಿದೆ, ಪದವನ್ನು ಅರಿತಿದೆ, ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿಯೂ ಬಿಟ್ಟಿದೆ! ಓದಲಾರದೆ ತಡವರಿಸಿದ ಮಗುವಿಗೂ ಇದಕ್ಕೂ ಒಂದೇ ಗೆರೆ ಎಳೆದರೆ ನಾವು ಅಳೆದದ್ದು ಓದನ್ನೋ ಉಚ್ಚಾರವನ್ನೋ?

ಇಂತಹ ತಪ್ಪುಗಳನ್ನು ಬೇರೆ ಗುರುತಿನಿಂದ ಮತ್ತೊಮ್ಮೆ ಎಣಿಸಿದಾಗ ಮಗುವಿಗೆ ಸರಾಸರಿ ಮೂರು ಪದಗಳು ಹಿಂದಿರುಗಿದವೆನ್ನಿ. 38 ಇದ್ದದ್ದು 41 ಆಯಿತು. ಎಂಟು ಪದಗಳ ಅಂತರ ಐದಕ್ಕೆ ಇಳಿಯಿತು. ಐದು ಪ್ರಶ್ನೆಗಳ ಉತ್ತರದಲ್ಲಿಯಂತೂ ಎರಡು ಗುಂಪುಗಳ ಸರಾಸರಿ 3.4 ಮತ್ತು 3.5, ಅಂದರೆ ಬಹುಮಟ್ಟಿಗೆ ಸಮಾನ. ಈಗ ಇತಿಮಿತಿಯ ಭಾಗದಲ್ಲಿ ಬರೆಯಬೇಕಾದ ವಾಕ್ಯ ಇದು: “ಕನ್ನಡದ ಉಚ್ಚಾರಕ್ಕೆ ಹೊರಳಿದ ಪದಗಳನ್ನು ಮೊದಲ ಎಣಿಕೆಯಲ್ಲಿ ತಪ್ಪೆಂದು ಗಣಿಸಲಾಗಿದೆ. ಇದರಿಂದ ಕನ್ನಡ ಮನೆಯ ಮಕ್ಕಳ ಓದು ಇರುವುದಕ್ಕಿಂತ ಕಡಿಮೆಯಾಗಿ ತೋರಿದೆ. ಮರುಎಣಿಕೆಯಲ್ಲಿ ಅಂತರವು ಎಂಟು ಪದಗಳಿಂದ ಐದಕ್ಕೆ ಇಳಿದಿದೆ.” ಕೊರತೆ ಯಾವುದು, ಅದು ಫಲಿತಾಂಶವನ್ನು ಯಾವ ಕಡೆಗೆ ವಾಲಿಸಿದೆ, ಎಷ್ಟು ವಾಲಿಸಿದೆ ಎಂಬ ಮೂರೂ ಸಂಗತಿಗಳು ಇದರಲ್ಲಿವೆ. ‘ಸಮಯಾಭಾವ’ ಎಂಬ ಪದದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ.

ಎರಡನೆಯ ಪ್ರಶ್ನೆ ಮಕ್ಕಳ ಹಾಜರಿಯದು. ಆರು ಶಾಲೆಗಳ ಹಾಜರಾತಿ ಪುಸ್ತಕಗಳಲ್ಲಿ 44 ಹೆಸರುಗಳಿದ್ದು 36 ಮಕ್ಕಳು ಮಾತ್ರ ಸಿಕ್ಕರೆನ್ನಿ. ಉಳಿದ ಎಂಟು ಮಕ್ಕಳು ಎಲ್ಲಿ? ಚಳಿಗಾಲದ ತಿಂಗಳುಗಳಲ್ಲಿ ನಾರಾಯಣಖೇಡದ ಸುತ್ತಿನ ತಾಂಡಾಗಳಿಂದ ಕುಟುಂಬಗಳು ಕಬ್ಬು ಕಡಿಯುವ ಕೆಲಸಕ್ಕೆ ದೂರ ಹೋಗುತ್ತವೆ. ಮಕ್ಕಳೂ ಜೊತೆಗೆ ಹೋಗುವುದುಂಟು. ಎಂಟರಲ್ಲಿ ಐದು ಹೆಸರುಗಳು ಅಂತಹವಾದರೆ, ಜನವರಿಯಲ್ಲಿ ಮಾಡಿದ ಅಧ್ಯಯನ ಶಾಲೆಯಲ್ಲಿ ಉಳಿದ ಮಕ್ಕಳದು ಮಾತ್ರ. ವರ್ಷಕ್ಕೆ ಹಲವು ವಾರ ಶಾಲೆ ತಪ್ಪುವ ಮಕ್ಕಳು ಓದಿನಲ್ಲಿ ಹಿಂದೆ ಇರುವ ಸಂಭವವೇ ಹೆಚ್ಚು. ಆದ್ದರಿಂದ ಇಲ್ಲಿಯ ಕೊರತೆ ಮೊದಲಿನದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ವಾಲುತ್ತದೆ: ನಾರಾಯಣಖೇಡದ ಸರಾಸರಿ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ‘ಕನ್ನಡವೋ ತೆಲುಗೋ’ ಎಂಬ ಎರಡೇ ಮನೆಗಳ ಪಟ್ಟಿಯಲ್ಲಿ ಅವರಿಗೆ ಜಾಗವೇ ಇರಲಿಲ್ಲವೆಂಬುದನ್ನೂ ಬರೆಯಬೇಕಾಗುತ್ತದೆ. ಜಹೀರಾಬಾದಿನಲ್ಲಿ ದಖ್ಖನಿ ಉರ್ದು ಮಾತಾಡುವ ಮನೆಗಳ ವಿಷಯವೂ ಹೀಗೆಯೇ.

ಇಷ್ಟಾದ ಮೇಲೆ ಪ್ರಬಂಧದ ಶೀರ್ಷಿಕೆ ನಿಲ್ಲುವುದಿಲ್ಲ. ಹೆಚ್ಚಿನವರು ಮರೆಯುವುದು ಇದನ್ನೇ. ಕೊನೆಯಲ್ಲಿ ಇತಿಮಿತಿಯನ್ನು ಒಪ್ಪಿಕೊಂಡು, ಸಾರಾಂಶದಲ್ಲಿಯೂ ಶೀರ್ಷಿಕೆಯಲ್ಲಿಯೂ ಹಳೆಯ ಮಾತನ್ನೇ ಉಳಿಸಿಕೊಂಡರೆ ಒಪ್ಪಿಕೊಂಡದ್ದಕ್ಕೆ ಬೆಲೆಯಿಲ್ಲ. ಓದುಗರು ನೋಡುವುದು ಶೀರ್ಷಿಕೆಯನ್ನು; ನಾಳೆ ಸಭೆಯೊಂದರಲ್ಲಿ ಯಾರಾದರೂ ಎತ್ತಿ ಹೇಳುವುದೂ ಅದನ್ನೇ. ‘ಹಿನ್ನಡೆ’ ಎಂಬ ಪದ ಹೋಗಿ ‘ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಆರು ಶಾಲೆಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳ ತೆಲುಗು ಓದು’ ಎಂದಾಗಬೇಕು. ಊರು ಊರಿಗೆ ಹೋಲಿಸುವ ಕೋಷ್ಟಕವನ್ನೂ ತೆಗೆಯುವುದು ಒಳ್ಳೆಯದು. ಹನ್ನೆರಡು ಮಕ್ಕಳಲ್ಲಿ ಒಂದು ಮಗು ಆ ದಿನ ಜ್ವರದಿಂದ ಮಂಕಾಗಿ ಕುಳಿತಿದ್ದರೂ ಶೇಕಡಾ ಎಂಟರಷ್ಟು ಅಂಕಿ ಅತ್ತಿತ್ತ ಆಗುತ್ತದೆ. ಅಂತಹ ಕಡೆ ಶೇಕಡಾವಾರು ಬರೆಯದೆ ‘12ರಲ್ಲಿ 7 ಮಕ್ಕಳು’ ಎಂದು ಬರೆಯುವುದೇ ಪ್ರಾಮಾಣಿಕ.

ಒಂದು ಭೇದವನ್ನು ಇಲ್ಲಿಯೇ ಹೇಳಿಬಿಡಬೇಕು. ನಾಲ್ಕನೆಯ ತರಗತಿಯನ್ನೇ ಆರಿಸಿಕೊಂಡದ್ದು ಅಧ್ಯಯನದ ವ್ಯಾಪ್ತಿ; ಅದು ಸಂಶೋಧಕಿಯ ನಿರ್ಧಾರ, ಮೊದಲ ಅಧ್ಯಾಯದಲ್ಲಿ ಇರಬೇಕಾದ ಮಾತು. ಎಂಟು ಮಕ್ಕಳು ಸಿಗದೆ ಹೋದದ್ದು ಇತಿಮಿತಿ. ಅದು ಕೆಲಸದ ನಡುವೆ ಬಂದೊದಗಿದ್ದು. ಎರಡನ್ನೂ ಕಲಸಿದರೆ ಬಂದೊದಗಿದ್ದು ಆರಿಸಿಕೊಂಡದ್ದರ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಬಸ್ಸು ಇಳಿದು ನಡೆದು ಹೋಗಬಹುದಾದ ಶಾಲೆಗಳನ್ನೇ ಆರಿಸಿಕೊಂಡು ‘ಯಾದೃಚ್ಛಿಕ ಮಾದರಿ’ ಎಂದು ಬರೆಯುವುದು ಹೀಗೆ ಅಡಗಿಸುವುದರಲ್ಲಿ ತೀರ ಸಾಮಾನ್ಯವಾದದ್ದು.

ಇನ್ನು ಶಿಫಾರಸುಗಳು. ನಮ್ಮ ಸಂಘದ ಹಿರಿಯರು ಕೆಲವರು ಇಲ್ಲಿ ನನ್ನ ಮೇಲೆ ಮುನಿಸಿಕೊಳ್ಳಬಹುದು. ಗಡಿಯ ಹುಡುಗರ ಕರಡುಗಳಲ್ಲಿ ಮೊದಲ ಶಿಫಾರಸು ತಪ್ಪದೆ ಇದಾಗಿರುತ್ತದೆ: ಸರಕಾರವು ಗಡಿಯ ಎಲ್ಲ ಶಾಲೆಗಳಿಗೂ ಕನ್ನಡ ಶಿಕ್ಷಕರನ್ನು ನೇಮಿಸಬೇಕು. ಬೇಡಿಕೆ ನನ್ನದೂ ಹೌದು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಅದೇ ವರ್ಷದ ಸಂವಿಧಾನ ತಿದ್ದುಪಡಿಯಿಂದ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. 350ಬಿ ವಿಧಿ ಅದನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಕೊಟ್ಟಿದೆ. ಬೇಡಿಕೆಗೆ ಆಧಾರ ಆ ವಿಧಿಗಳು; 36 ಮಕ್ಕಳು ಒಂದು ಕಥೆ ಓದಿದ್ದು ಅಲ್ಲ. ಈ ಅಧ್ಯಯನ ಕನ್ನಡ ಶಿಕ್ಷಕರಿರುವ ಶಾಲೆಯನ್ನೂ ಇಲ್ಲದ ಶಾಲೆಯನ್ನೂ ಹೋಲಿಸಿಲ್ಲ. ಹೋಲಿಸದ ಸಂಗತಿಯ ಬಗ್ಗೆ ಶಿಫಾರಸು ಬರೆದರೆ, ಅದನ್ನು ತಳ್ಳಿಹಾಕಲು ಬಯಸುವವರಿಗೆ ನಾವೇ ಕಾರಣ ಕೊಟ್ಟಂತೆ. ಅದು ಸಂಘದ ಮನವಿಪತ್ರದಲ್ಲಿ, ಸಂವಿಧಾನದ ವಿಧಿಯ ಬಲದ ಮೇಲೆ, ಮೊದಲ ಸಾಲಿನಲ್ಲಿಯೇ ಇರಲಿ.

ಕಿರುಪ್ರಬಂಧದ ಶಿಫಾರಸಿಗೆ ನಾನು ಕೇಳುವುದು ಇಷ್ಟೇ: ಇದನ್ನು ಯಾರು ಮಾಡಬೇಕು, ಮಾಡುವ ಅಧಿಕಾರ ಅವರಿಗಿದೆಯೇ, ನಮ್ಮ ಯಾವ ಫಲಿತಾಂಶದಿಂದ ಇದು ಹುಟ್ಟಿತು? ಮೇಲಿನ ಉದಾಹರಣೆಯಲ್ಲಿ ತರಗತಿಯ ಶಿಕ್ಷಕರಿಗೆ ಹೇಳಬಹುದಾದದ್ದು ಒಂದಿದೆ. ಮಗು ‘ಪುಲಿ’ಯನ್ನು ‘ಹುಲಿ’ ಎಂದು ಓದಿದಾಗ ತಪ್ಪೆಂದು ಗದರದೆ, ಎರಡು ಪದಗಳನ್ನೂ ಅಕ್ಕಪಕ್ಕ ಬರೆದು ತೋರಿಸುವುದು. ಒಂದು ಚಾರ್ಟ್ ಹಾಳೆಯಲ್ಲಿ ಪುಲಿ–ಹುಲಿ, ಪಾಲು–ಹಾಲು, ಪಾಮು–ಹಾವು ಎಂದು ಜೋಡಿಸಿ ಗೋಡೆಗೆ ಅಂಟಿಸಿದರೆ ಆ ಹಕಾರವೇ ತೆಲುಗಿಗೆ ಮೆಟ್ಟಿಲಾಗುತ್ತದೆಯೇ ಎಂದು ಒಂದು ತಿಂಗಳು ಪರೀಕ್ಷಿಸಿ ನೋಡಬಹುದು. ‘ಆಗುತ್ತದೆ’ ಎಂದು ಬರೆಯುವಂತಿಲ್ಲ, ಏಕೆಂದರೆ ಅಧ್ಯಯನ ಅದನ್ನು ಪರೀಕ್ಷಿಸಿಲ್ಲ. ಈ ಕ್ರಿಯಾಪದಗಳ ಹದವನ್ನು ಕಲಿಸುವುದೇ ನನಗೆ ಹೆಚ್ಚು ಹೊತ್ತು ಹಿಡಿಯುವ ಕೆಲಸ.

ಮುಖ್ಯೋಪಾಧ್ಯಾಯರಿಗೆ ಹೇಳಬಹುದಾದದ್ದು ಇನ್ನೊಂದು. ಯು-ಡೈಸ್ ಪ್ಲಸ್‌ನ ವಿದ್ಯಾರ್ಥಿ ವಿವರದಲ್ಲಿ ಮಾತೃಭಾಷೆಗೆ ಒಂದು ಅಂಕಣವಿದೆ. ಅದನ್ನು ತುಂಬುವ ಮೊದಲು, ಮನೆಯಲ್ಲಿ ಅಜ್ಜಿಯೊಡನೆ ಯಾವ ಮಾತಾಡುತ್ತೀ ಎಂದು ಮಗುವನ್ನು, ಸಾಧ್ಯವಾದರೆ ತಾಯಿಯನ್ನು, ಕೇಳಿ ತುಂಬುವುದು. ಮಾಧ್ಯಮವನ್ನೇ ಮಾತೃಭಾಷೆಯೆಂದು ಬರೆದರೆ ಕನ್ನಡದ ಮಗು ದಾಖಲೆಯಲ್ಲಿ ಇಲ್ಲವೇ ಇಲ್ಲ. ಸಂಘದ ಮನವಿಪತ್ರಕ್ಕೂ ಆ ಅಂಕಿಯೇ ಬೇಕು. ಇದಕ್ಕೆ ಹೊಸ ಆದೇಶ ಬೇಡ, ಅನುದಾನ ಬೇಡ.

ಮೂರನೆಯದು ಮುಂದಿನ ಸಂಶೋಧಕರಿಗೆ. ‘ಇನ್ನೂ ಹೆಚ್ಚಿನ ಮಾದರಿಯಿಂದ ಅಧ್ಯಯನ ನಡೆಸಬಹುದು’ ಎಂಬ ಸಾಲನ್ನು ಹೊಡೆದುಹಾಕಿ, ಜೂನ್ ಕೊನೆಯಲ್ಲಿ, ಕಬ್ಬಿಗೆ ಹೋದ ಕುಟುಂಬಗಳು ಹಿಂದಿರುಗಿದ ಮೇಲೆ, ಅದೇ ಆರು ಶಾಲೆಗಳಿಗೆ ಹೋಗಿ ತಪ್ಪಿಹೋದ ಎಂಟು ಹೆಸರುಗಳನ್ನು ಹುಡುಕಿ ಎಂದು ಬರೆಯಿಸುತ್ತೇನೆ. ಮಕ್ಕಳ ಓದನ್ನು ಧ್ವನಿಮುದ್ರಿಸಿಕೊಂಡು, ತೆಲುಗು ಬಲ್ಲವರೊಬ್ಬರು ಮತ್ತು ಎರಡೂ ಭಾಷೆ ಬಲ್ಲವರೊಬ್ಬರು ಬೇರೆಬೇರೆಯಾಗಿ ಎಣಿಸಲಿ; ಇಬ್ಬರ ಎಣಿಕೆ ಎಲ್ಲಿ ಬೇರೆಯಾಗುತ್ತದೆಯೋ ಆ ಪದಗಳನ್ನು ಅನುಬಂಧದಲ್ಲಿ ಕೊಡಲಿ.

ಪ್ರಬಂಧ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸೇರುತ್ತದೆ. ಆ ಆರು ಶಾಲೆಗಳಿಗೆ ಅದರ ಪ್ರತಿ ಹೋಗುವುದು ಅಪರೂಪ. ಆದ್ದರಿಂದ ಕೊನೆಯ ಎರಡು ಪುಟಗಳನ್ನು ಸರಳ ತೆಲುಗಿನಲ್ಲಿಯೂ ಬರೆಯಿಸಿ, ಕನ್ನಡದ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ಬರಲು ಹೇಳುತ್ತೇನೆ. ಮಕ್ಕಳ ಹೆಸರುಗಳಿಲ್ಲದೆ, ಪುಲಿ–ಹುಲಿಯ ಪಟ್ಟಿಯೊಂದಿಗೆ.