ಹೇಗನ್ನಿಸ್ತಾ ಉಂಟು, ಕ್ಯಾಪ್ಟನ್?

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರುವ ಸಂದರ್ಶನಕ್ಕೆ ಒಂದು ಖಾಯಂ ಅಚ್ಚುಂಟು. ನಾನು ಹೈಸ್ಕೂಲಿನಲ್ಲಿದ್ದಾಗಲೂ ಅದೇ ಅಚ್ಚು. ಈಗ ಕರಾವಳಿಯ ಇನ್ನೊಂದು ಹೈಸ್ಕೂಲಿನಲ್ಲಿ ಟೀಚರಾಗಿ ಸಂಚಿಕೆಯ ಉಸ್ತುವಾರಿ ನೋಡುವಾಗಲೂ ಅದೇ. ನಿಮ್ಮ ಬಾಲ್ಯದ ಬಗ್ಗೆ ಹೇಳಿ. ಹವ್ಯಾಸಗಳೇನು? ಸ್ಫೂರ್ತಿ ಯಾರು? ಕೊನೆಯದಾಗಿ, ವಿದ್ಯಾರ್ಥಿಗಳಿಗೆ ನಿಮ್ಮ ಸಂದೇಶವೇನು? ಇವನ್ನು ತಹಶೀಲ್ದಾರರಿಗೂ ಕೇಳಬಹುದು, ಯಕ್ಷಗಾನದ ಭಾಗವತರಿಗೂ ಕೇಳಬಹುದು. ಉತ್ತರಗಳನ್ನು ಮನೆಯಲ್ಲೇ ಕೂತು ಬರೆದರೂ ಯಾರಿಗೂ ಗೊತ್ತಾಗುವುದಿಲ್ಲ.

ಈ ಸಲ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಊರಿನ ಕಬಡ್ಡಿ ತಂಡದ ಕ್ಯಾಪ್ಟನ್ನನ್ನು ಮಾತಾಡಿಸುತ್ತೇನೆ ಎಂದಳು. ಅದೂ ಹೊನಲು ಬೆಳಕಿನ ಪಂದ್ಯಾಟದ ಫೈನಲ್ ಮುಗಿದ ಕೂಡಲೇ, ಅಂಗಣದಲ್ಲೇ. ಅವಳ ಪಟ್ಟಿಯ ಮೊದಲ ಪ್ರಶ್ನೆ: “ಗೆದ್ದಾಗ ಹೇಗನ್ನಿಸಿತು?” ಸೋತರೆ ಏನು ಕೇಳುತ್ತೀ ಎಂದೆ. “ಸೋತಾಗ ಹೇಗನ್ನಿಸಿತು ಅಂತ, ಟೀಚರ್.”

ಮಗುವನ್ನು ಬೈಯುವ ಹಾಗಿಲ್ಲ. ಟಿವಿಯಲ್ಲಿ ಮೈಕ್ ಹಿಡಿದವರು ಕೇಳುವುದೂ ಅದನ್ನೇ. ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಟಿವಿ ಬರುವ ಮುಂಚೆ ಪತ್ರಿಕೆಯವನ ಕೆಲಸ ಮೈದಾನದಲ್ಲಿ ಏನಾಯಿತೆಂದು ಹೇಳುವುದು. ಓದುವವನು ಆಟ ನೋಡಿರುತ್ತಿರಲಿಲ್ಲ. ಆಟ ಮನೆಯೊಳಗೇ ಕಾಣಿಸತೊಡಗಿದ ಮೇಲೆ, ಓದುಗನಿಗೆ ಗೊತ್ತಿಲ್ಲದ್ದನ್ನು ಹುಡುಕಿಕೊಂಡು ವರದಿಗಾರ ಆಟಗಾರರ ಕೋಣೆಗೆ ಹೋಗಬೇಕಾಯಿತು. ನ್ಯೂಯಾರ್ಕಿನ ಡಿಕ್ ಯಂಗ್ ಎಂಬ ಬೇಸ್‌ಬಾಲ್ ವರದಿಗಾರನನ್ನು ಈ ದಾರಿ ತೆರೆದವರಲ್ಲಿ ಒಬ್ಬನೆಂದು ಹೇಳುತ್ತಾರೆ. ಒಳಗೆ ಹೋದದ್ದು ಆಟದ ಗುಟ್ಟು ಕೇಳಲಿಕ್ಕೆ. ಕ್ರಮೇಣ ಗುಟ್ಟು ಹಿಂದೆ ಉಳಿಯಿತು, “ಹೇಗನ್ನಿಸಿತು” ಮುಂದೆ ಬಂತು. ಆಟಗಾರರಿಗೂ ಸಾಕಾಯಿತು. 2015ರ ಸೂಪರ್ ಬೌಲ್ ಹೊತ್ತಿಗೆ ಅಮೆರಿಕದ ಫುಟ್‌ಬಾಲಿಗ ಮಾರ್ಷಾನ್ ಲಿಂಚ್, ಪತ್ರಕರ್ತರ ಎದುರು ಕೂತು ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಕೊಟ್ಟ: ದಂಡ ಬೀಳಬಾರದೆಂದು ಬಂದಿದ್ದೇನೆ, ಅಷ್ಟೆ. ಉದ್ಧಟತನ ಎಂದರು ಕೆಲವರು. ನನಗೆ ಅಂಥ ಪ್ರಶ್ನೆಗಳಿಗೆ ಅದು ಸಲ್ಲಬೇಕಾದ ಉತ್ತರವೇ ಅನ್ನಿಸಿತು.

ಕೆನಡಾದ ಪತ್ರಕರ್ತ ಜಾನ್ ಸವಾಟ್‌ಸ್ಕಿ ಪ್ರಶ್ನೆ ಕೇಳುವುದನ್ನೇ ಪಾಠವಾಗಿ ಹೇಳಿಕೊಟ್ಟವರು. ಇಎಸ್‌ಪಿಎನ್ ವಾಹಿನಿ ತನ್ನವರನ್ನು ತಿದ್ದಲು ಅವರನ್ನು ಕರೆಸಿಕೊಂಡಿತ್ತು. ಅವರು ಹೇಳುವ ದೋಷಗಳಲ್ಲಿ ಎರಡು ನಮ್ಮ ಮಕ್ಕಳ ಪಟ್ಟಿಯಲ್ಲಿ ಸದಾ ಇರುತ್ತವೆ. ಮೊದಲನೆಯದು ಒಂದರೊಳಗೆ ಎರಡು ಪ್ರಶ್ನೆ ತುರುಕುವುದು. “ಪಂದ್ಯ ಕಷ್ಟವಾಯಿತಾ, ಮುಂದಿನ ಗುರಿ ಏನು?” ಎಂದರೆ ಆತ ಸುಲಭದ್ದನ್ನು ಹೆಕ್ಕಿಕೊಂಡು ಗುರಿಯ ಬಗ್ಗೆ ಭಾಷಣ ಮಾಡುತ್ತಾನೆ. ಎರಡನೆಯದು ಪ್ರಶ್ನೆಯೇ ಇಲ್ಲದ ಪ್ರಶ್ನೆ. “ಅದ್ಭುತ ಆಟ ಆಡಿದಿರಿ” ಎಂದು ಮೈಕ್ ಚಾಚಿದರೆ “ಎಲ್ಲ ದೇವರ ಆಶೀರ್ವಾದ” ಎಂದಲ್ಲದೆ ಇನ್ನೇನು ಹೇಳಬೇಕು ಪಾಪ?

ಪಟ್ಟಿಯನ್ನು ಮಡಚಿಡು, ಬರೇ ನೋಟ್‌ಬುಕ್ ತೆಗೆದುಕೊಂಡು ಸ್ಕೋರರ್ ಮೇಜಿನ ಹಿಂದೆ ಕೂತುಕೋ ಎಂದೆ. ಪಂದ್ಯದ ನಂತರದ ಪ್ರಶ್ನೆ ಪಂದ್ಯದಲ್ಲೇ ಹುಟ್ಟಬೇಕು. ಮುಂಚೆ ಮಾಡಿಕೊಳ್ಳಬಹುದಾದ ತಯಾರಿ ಸ್ವಲ್ಪವೇ: ಕ್ಯಾಪ್ಟನ್ ಎಲ್ಲಿ ನಿಲ್ಲುತ್ತಾನೆ, ಹಿಂದಿನ ಪಂದ್ಯ ಹೇಗಾಯಿತು, ಈ ಪಂದ್ಯಾಟದಲ್ಲಿ ಯಾವ ನಿಯಮ. ನಿಯಮ ಕೇಳಿಕೊಳ್ಳಲೇಬೇಕು, ಯಾಕೆಂದರೆ ನಮ್ಮಲ್ಲಿ ಊರಿಗೊಂದು ತಿದ್ದುಪಡಿ ಇರುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದ ಮೇಲೆ 30 ಸೆಕೆಂಡಿನ ರೈಡ್, ಡು ಆರ್ ಡೈ, ಸೂಪರ್ ಟ್ಯಾಕಲ್ ಎಲ್ಲ ಅಂಗನವಾಡಿ ಮಕ್ಕಳ ಬಾಯಲ್ಲೂ ಬಂದಿವೆ, ಆದರೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅವಳು ಪುಟಕ್ಕೆ ನಾಲ್ಕು ಗೆರೆ ಎಳೆದಳು. ಉಳಿದ ಸಮಯ, ಅಂಕ, ಅಂಗಣದಲ್ಲಿ ಯಾವ ಕಡೆ ಎಷ್ಟು ಜನ, ಏನಾಯಿತು. ಎಲ್ಲ ರೈಡನ್ನೂ ಬರೆಯಬೇಡ, ಅದಕ್ಕೆ ಸ್ಕೋರರ್ ಇದ್ದಾರೆ; “ಅರೆ, ಇದ್ಯಾಕೆ ಹೀಗೆ ಮಾಡಿದ” ಎಂದು ನಿನಗೆ ಅನ್ನಿಸಿದ್ದನ್ನು ಮಾತ್ರ ಬರಿ ಎಂದಿದ್ದೆ.

ಕೊನೆಯ ಸಾಲಿಗೆ ಅವಳು ನಕ್ಷತ್ರ ಹಾಕಿದ್ದಳು. ಒಂದು ನಿಮಿಷವೂ ಉಳಿದಿಲ್ಲ. ನಮ್ಮವರು 27, ಅವರು 26. ನಮ್ಮ ಕಡೆ ಮೂರೇ ಜನ. ಎದುರಿನವರ ಎರಡು ರೈಡ್ ಖಾಲಿ ಹೋಗಿದ್ದವು, ಮೂರನೆಯದು ಡು ಆರ್ ಡೈ. ರೈಡರ್ ಯಾರನ್ನೂ ಮುಟ್ಟದೆ ವಾಪಸು ಹೋದರೆ ಅವನೇ ಔಟ್, ನಮಗೆ ಒಂದು ಅಂಕ. ಅಂದರೆ ಹಿಂದೆ ಸರಿದು ನಿಂತರೆ ಸಾಕಿತ್ತು. ಎಡ ಕಾರ್ನರಿನಲ್ಲಿದ್ದ ಕ್ಯಾಪ್ಟನ್ ಹಾಗೆ ಮಾಡದೆ ಅವನ ಕಾಲಿಗೇ ಬಿದ್ದ. ಹಿಡಿತ ತಪ್ಪಿ ರೈಡರ್ ನಡುಗೆರೆ ಮುಟ್ಟಿದ್ದರೆ 27–27. ತಪ್ಪಲಿಲ್ಲ. ಮೂವರೇ ಇದ್ದು ಹಿಡಿದದ್ದರಿಂದ ಸೂಪರ್ ಟ್ಯಾಕಲ್, ಎರಡು ಅಂಕ, 29–26. ಅಂಗಣ ಎದ್ದು ಕುಣಿಯಿತು. ಅವಳು ಕುಣಿಯದೆ ಬರೆದುಕೊಂಡಳು. ಅದು ಕಷ್ಟದ ಕೆಲಸ, ನಾನಂತೂ ಕುಣಿದಿದ್ದೆ.

ಕೂಡಲೇ ಹೋಗಿ ಕೇಳಬಾರದು. ಉಸಿರು ಮೊದಲು ಕೂರಬೇಕು, ಆಟಗಾರ ತನ್ನವರನ್ನು ಮಾತಾಡಿಸಿರಬೇಕು. ಧ್ವನಿವರ್ಧಕದ ಎದುರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಕೇಳಿಸುವುದು ಪ್ರಾಯೋಜಕರ ಹೆಸರುಗಳು ಮಾತ್ರ. ವೇದಿಕೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಣಕೈಗೆ ಐಸ್ ಒತ್ತಿಕೊಂಡು ಕೂತಿದ್ದವನ ಹತ್ತಿರ, ರೆಕಾರ್ಡ್ ಮಾಡಬಹುದಾ ಎಂದು ಕೇಳಿ, ಅವಳು ಶುರು ಮಾಡಿದಳು.

“ಅಣ್ಣ, ಕೊನೆಗೆ ನೀವು ಮೂರೇ ಜನ ಇದ್ದದ್ದು. ಅವರದ್ದು ಡು ಆರ್ ಡೈ. ಬಿಟ್ಟಿದ್ರೂ ಪಾಯಿಂಟ್ ಬರ್ತಿತ್ತು. ಮತ್ತೆ ಯಾಕೆ ಹಿಡಿದದ್ದು?”

ಆತ ಐಸ್ ಕೆಳಗಿಟ್ಟ. “ನೀನು ಆಡ್ತೀಯಾ?”

“ಇಲ್ಲ. ಬರ್ಕೊಂಡದ್ದು.”

“ಬಿಟ್ರೆ ಅವ ಬಲ ಕಾರ್ನರಿಗೆ ಹೋಗ್ತಿದ್ದ. ನಮ್ಮ ಹುಡುಗನ ಮೊಣಗಂಟು ಹೋಗಿತ್ತು, ಹಿಂದೆ ಜಿಗೀಲಿಕ್ಕೆ ಆಗ್ತಿರ್ಲಿಲ್ಲ. ಅದು ಅವನಿಗೆ ಗೊತ್ತಾಗಿತ್ತು. ಅದಕ್ಕೆ ನಾನು ಎಡಗಾಲು ಮುಂದೆ ಇಟ್ಟು ಆಸೆ ತೋರಿಸಿದೆ. ಅವ ಮುಟ್ಲಿಕ್ಕೆ ಬಗ್ಗಿದ್ರೆ ಬಲಗಾಲು ನೆಲದಲ್ಲೇ ಉಳೀತದೆ. ಫಸ್ಟ್ ಹಾಫಿನಲ್ಲೇ ನೋಡಿಟ್ಟಿದ್ದೆ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಕೈಯಲ್ಲಿದ್ದ ಮುಂದಿನ ಪ್ರಶ್ನೆ ಬಿಟ್ಟು ಆ ಉತ್ತರದ್ದೇ ಬಾಲ ಹಿಡಿದಳು. “ಆ ಅಣ್ಣನನ್ನು ಬದಲಾಯಿಸ್ಬಹುದಿತ್ತಲ್ಲ?”

ಸ್ವಲ್ಪ ಹೊತ್ತು ಆತ ಮಾತಾಡಲಿಲ್ಲ. ಅವಳೂ ಮಾತಾಡಲಿಲ್ಲ. ನಾನು ಹೇಳಿಕೊಟ್ಟದ್ದಲ್ಲ ಅದು. “ಟೈಮ್ ಔಟ್ ಇದ್ರೆ ತಾನೆ? ಎರಡನ್ನೂ ಬೇಗ ತೆಗೊಂಡುಬಿಟ್ಟೆ. ಇನ್ನೊಂದು ಐದು ನಿಮಿಷ ಕಾಯ್ಬೇಕಿತ್ತು ನಾನು.”

ಗೆದ್ದ ಕ್ಯಾಪ್ಟನ್ ಇಂಥದ್ದನ್ನು “ಹೇಗನ್ನಿಸಿತು”ಗೆ ಉತ್ತರವಾಗಿ ಹೇಳುವುದಿಲ್ಲ. ಸೋತಿದ್ದರೆ ಕೇಳಲೆಂದು ಅವಳು ಇನ್ನೊಂದನ್ನು ಗುರುತು ಮಾಡಿಟ್ಟುಕೊಂಡಿದ್ದಳು: ದ್ವಿತೀಯಾರ್ಧದಲ್ಲಿ ನಮ್ಮವರು ಆಲ್ ಔಟ್ ಆದ ಮೇಲೆ ಯಾರನ್ನು ಮೊದಲು ರೈಡಿಗೆ ಕಳಿಸಿದಿರಿ, ಯಾಕೆ ಅವನನ್ನೇ? ಸೋತವನ ಹತ್ತಿರ “ಯಾಕೆ ಸೋತಿರಿ” ಎಂದರೆ ಅಂಪೈರನ ಮೇಲೆ ಹೋಗುತ್ತದೆ. ಮಾಡಿದ ಒಂದು ತೀರ್ಮಾನದ ಬಗ್ಗೆ ಕೇಳಿದರೆ ಆತ ಮತ್ತೆ ಅಂಗಣಕ್ಕೆ ಇಳಿದೇ ಮಾತಾಡಬೇಕಾಗುತ್ತದೆ.

ಬರೆದದ್ದನ್ನು ಆತನಿಗೆ ಓದಿ ಹೇಳಿ ಬಂದಳು. ಟೈಮ್ ಔಟಿನ ಮಾತು ಇರಲಿ, ಮೊಣಗಂಟಿನ ಹುಡುಗನ ಹೆಸರು ಬೇಡ, ಮುಂದಿನ ವಾರ ಇನ್ನೊಂದು ಪಂದ್ಯ ಉಂಟು ಎಂದನಂತೆ. ತೆಗೆದೆವು.

ಪ್ರೂಫ್ ನೋಡಿದ ಹೆಡ್‌ಮಾಸ್ಟರಿಗೆ ಎಲ್ಲ ಸರಿ ಕಂಡಿತು, ಒಂದು ಬಿಟ್ಟು. “ವಿದ್ಯಾರ್ಥಿಗಳಿಗೆ ಸಂದೇಶ ಎಲ್ಲಿ ಟೀಚರ್?” ಪರಂಪರೆಯನ್ನು ಮುರಿಯುವ ಧೈರ್ಯ ನನಗಿಲ್ಲ. ಅವಳೇ ಫೋನ್ ಮಾಡಿ ಕೇಳಿದಳು. ಆತ ಯೋಚಿಸಿ ಹೇಳಿದ್ದನ್ನು ಪುಟದ ಕೆಳಗೆ ಬಾಕ್ಸ್ ಹಾಕಿ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿದ್ದೇವೆ: “ಕಬಡ್ಡಿಗೆ ಬರುವವರು ಉಗುರು ಕತ್ತರಿಸಿಕೊಂಡು ಬನ್ನಿ.”